ಪವರ್ ಬ್ಯಾಂಕ್‌ನ ಸ್ಪೆಸಿಫಿಕೇಶನ್ ಟೇಬಲ್ ಬರೆಯುವುದು ಹೇಗೆ? ಯೂನಿಟ್, ಲೆಕ್ಕ, ಹೊಂದಾಣಿಕೆ ಟಿಪ್ಪಣಿ

ಅಂಗಡಿಯ ಆನ್‌ಲೈನ್ ಕ್ಯಾಟಲಾಗ್‌ಗೆ ಬರೆಯುವವರು, ಕನ್ನಡದಲ್ಲಿ ಗ್ಯಾಜೆಟ್ ರಿವ್ಯೂ ಮಾಡುವವರು ಮತ್ತೆ ಮತ್ತೆ ಒಂದೇ ವಿಷಯ ಕೇಳುತ್ತಾರೆ: "ಸ್ಪೆಸಿಫಿಕೇಶನ್ ಎಲ್ಲಾ ಹಾಕಿದ್ದೇವೆ, ಆದರೂ ಜನ 'ಇದು ನನ್ನ ಫೋನಿಗೆ ಆಗುತ್ತಾ?' ಅಂತ ಕೇಳುತ್ತಲೇ ಇರುತ್ತಾರೆ. ಏನು ಬಿಟ್ಟುಹೋಗಿದೆ?"

ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಷರತ್ತು. "20000" ಅಂತ ಇರುತ್ತದೆ, ಯಾವ ವೋಲ್ಟೇಜಿನಲ್ಲಿ ಅಂತ ಇರುವುದಿಲ್ಲ. "20 ವ್ಯಾಟ್ ಫಾಸ್ಟ್ ಚಾರ್ಜಿಂಗ್" ಅಂತ ಇರುತ್ತದೆ, ಯಾವ ಪೋರ್ಟಿನಿಂದ, ಒಂದೇ ಪೋರ್ಟ್ ಬಳಸಿದಾಗಲೋ ಎರಡೂ ಬಳಸಿದಾಗಲೋ ಅಂತ ಇರುವುದಿಲ್ಲ. ಈ ಲೇಖನದಲ್ಲಿ ಒಂದು ಪವರ್ ಬ್ಯಾಂಕ್ ಹಿಡಿದುಕೊಂಡು ಲೇಬಲ್‌ನಿಂದ ಶುರುಮಾಡಿ ಹೊಂದಾಣಿಕೆ ಟಿಪ್ಪಣಿಯವರೆಗೆ ಪೂರ್ತಿ ಮಾಡೋಣ. ಪವರ್ ಬ್ಯಾಂಕನ್ನೇ ಆರಿಸಿಕೊಳ್ಳಲು ಕಾರಣವಿದೆ. ಎಲ್ಲರ ಮನೆಯಲ್ಲೂ ಇರುವ ವಸ್ತು ಇದು, ಯೂನಿಟ್‌ಗಳ ಗೊಂದಲವೂ ಇದರಲ್ಲೇ ಜಾಸ್ತಿ.

ಏನೇನು ಬೇಕು

ಪವರ್ ಬ್ಯಾಂಕ್ ಕೈಯಲ್ಲೇ ಇರಬೇಕು. ಅದರ ಹಿಂಬದಿಯ ಸಣ್ಣಕ್ಷರದ ಲೇಬಲ್, ಬಾಕ್ಸ್, ಜೊತೆಗೆ ಬಂದ ಕೈಪಿಡಿ, ಈ ಮೂರನ್ನೂ ಎದುರಿಗೆ ಇಟ್ಟುಕೊಳ್ಳಿ. ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆಗೆ ಸ್ಕೇಲು ಸಾಕು. ಯುಎಸ್‌ಬಿ ಮೀಟರ್ ಇದ್ದರೆ ಒಳ್ಳೆಯದು. ಅದು ಕೇಬಲ್ ನಡುವೆ ಸಿಕ್ಕಿಸುವ ಪುಟ್ಟ ಸಾಧನ, ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಇಲ್ಲದಿದ್ದರೂ ಟೇಬಲ್ ಬರೆಯಬಹುದು.

ಹಂತ 1: ಲೇಬಲ್ ಇದ್ದ ಹಾಗೇ ಬರೆದುಕೊಳ್ಳಿ

ಮೊದಲು ಏನನ್ನೂ ಸರಿಮಾಡಲು ಹೋಗಬೇಡಿ. ಲೇಬಲ್‌ನಲ್ಲಿ ಇರುವುದನ್ನು ಅಕ್ಷರ ಬಿಡದೆ ಇಳಿಸಿಕೊಳ್ಳಿ. ನಮ್ಮ ಉದಾಹರಣೆಯ ಲೇಬಲ್ ಹೀಗಿದೆ ಅಂತ ಇಟ್ಟುಕೊಳ್ಳಿ:

```
Battery: 20000mAh 3.7V 74Wh
Rated capacity: 12000mAh (5V)
USB-C input: 5V⎓3A, 9V⎓2A
USB-C output: 5V⎓3A, 9V⎓2.22A, 12V⎓1.67A
USB-A output: 5V⎓3A, 9V⎓2A, 12V⎓1.5A
Total output: 5V⎓3A
```

ವೋಲ್ಟ್ ಮತ್ತು ಆಂಪಿಯರ್ ನಡುವಿನ ಆ ಚಿಹ್ನೆಗೆ, ಅಂದರೆ ಮೇಲೊಂದು ನೇರ ಗೆರೆ, ಕೆಳಗೆ ತುಂಡು ಗೆರೆ ಇರುವುದಕ್ಕೆ, ಡಿಸಿ ಅಂತ ಅರ್ಥ. ಅದು ಸಮ ಚಿಹ್ನೆ ಅಲ್ಲ. ತುಂಬಾ ಜನ ಅದನ್ನು "=" ಅಂತ ಟೈಪ್ ಮಾಡುತ್ತಾರೆ, ಆಗ "5V=3A" ಅನ್ನೋ ಅರ್ಥವಿಲ್ಲದ ಸಮೀಕರಣ ಆಗುತ್ತದೆ. ಚಿಹ್ನೆ ಸಿಗದಿದ್ದರೆ ವೋಲ್ಟ್‌ಗೆ ಒಂದು ಕಾಲಂ, ಆಂಪಿಯರ್‌ಗೆ ಒಂದು ಕಾಲಂ ಮಾಡಿ. ಅಲ್ಲಿಗೆ ಚಿಹ್ನೆಯ ಅಗತ್ಯವೇ ಇರುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು ಬೇರೆ ಜಾಲತಾಣದ ಟೇಬಲ್ ನಕಲು ಮಾಡುವುದು. ಒಂದೇ ಹೆಸರಿನಲ್ಲಿ 18 ವ್ಯಾಟಿನದು, 20 ವ್ಯಾಟಿನದು, 22.5 ವ್ಯಾಟಿನದು ಅಂತ ಬೇರೆ ಬೇರೆ ಮಾದರಿಗಳು ಮಾರುಕಟ್ಟೆಯಲ್ಲಿ ಇರುತ್ತವೆ. ಬಣ್ಣ, ಆಕಾರ ಒಂದೇ, ಒಳಗಿನ ಬೋರ್ಡ್ ಬೇರೆ. ಬಾಕ್ಸ್ ಒಂದು ಹೇಳಿ ಲೇಬಲ್ ಇನ್ನೊಂದು ಹೇಳಿದರೆ ಲೇಬಲ್ ಅನ್ನೇ ಹಿಡಿಯಿರಿ, ವ್ಯತ್ಯಾಸ ಇದೆ ಅಂತ ಟೇಬಲ್ ಕೆಳಗೆ ಒಂದು ಸಾಲು ಬರೆಯಿರಿ.

ಹಂತ 2: ಯೂನಿಟ್ ಸರಿಮಾಡಿ

ಕನ್ನಡದಲ್ಲಿ ಬರೆಯುವಾಗ ಮೊದಲು ಏಳುವ ಪ್ರಶ್ನೆ: ಯೂನಿಟ್ ಚಿಹ್ನೆಯನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕಾ? ನನ್ನ ಸಲಹೆ ಇಷ್ಟು. ವಾಕ್ಯದೊಳಗೆ ಬರುವಾಗ ಹೆಸರನ್ನು ಕನ್ನಡದಲ್ಲೇ ಬರೆಯಿರಿ: ವೋಲ್ಟ್, ವ್ಯಾಟ್, ಆಂಪಿಯರ್. ಟೇಬಲ್‌ನಲ್ಲಿ ಮಾತ್ರ V, W, A ಚಿಹ್ನೆಗಳನ್ನು ಹಾಗೇ ಇಡಿ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹೆಸರು ಭಾಷೆಗೆ ತಕ್ಕ ಹಾಗೆ ಬದಲಾಗುತ್ತದೆ, ಚಿಹ್ನೆ ಬದಲಾಗುವುದಿಲ್ಲ. ಓದುಗರು ನಿಮ್ಮ ಟೇಬಲ್ ಅನ್ನು ತಮ್ಮ ಚಾರ್ಜರ್ ಮೇಲಿನ ಅಕ್ಷರದ ಜೊತೆ ಹೋಲಿಸಿ ನೋಡುತ್ತಾರೆ. ಎರಡೂ ಒಂದೇ ಥರ ಕಂಡರೆ ಅವರಿಗೆ ಸುಲಭ.

ದೊಡ್ಡಕ್ಷರ, ಸಣ್ಣಕ್ಷರದ ಬಗ್ಗೆ ಉದಾಸೀನ ಬೇಡ. mAh ಅನ್ನುವುದರಲ್ಲಿ ಸಣ್ಣ m ಅಂದರೆ ಮಿಲಿ, ಸಾವಿರದಲ್ಲಿ ಒಂದು ಭಾಗ. ದೊಡ್ಡ M ಅಂದರೆ ಮೆಗಾ, ಹತ್ತು ಲಕ್ಷ ಪಟ್ಟು. "20000MAH" ಅಂತ ಬರೆದರೆ ಅಳತೆ ನೂರು ಕೋಟಿ ಪಟ್ಟು ಹಿಗ್ಗಿದ ಹಾಗೆ. ಅದೇ ಥರ ಕಿಲೋಗೆ ಸಣ್ಣ k. ದೊಡ್ಡ K ಕೆಲ್ವಿನ್‌ಗೆ ಮೀಸಲು, ಹಾಗಾಗಿ kg ಸರಿ, Kg ತಪ್ಪು. ಪೆನ್‌ಡ್ರೈವ್, ರೂಟರ್ ಬಗ್ಗೆ ಬರೆಯುವವರಿಗೂ ಇದು ಬೇಕು: GB ಅಂದರೆ ಗಿಗಾಬೈಟ್, Gb ಅಂದರೆ ಗಿಗಾಬಿಟ್, ಎರಡಕ್ಕೂ ಎಂಟು ಪಟ್ಟು ವ್ಯತ್ಯಾಸ.

ಸಂಖ್ಯೆಗೂ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿಡಿ: 74 Wh, 3.7 V. ಫೋನ್ ಪರದೆಯಲ್ಲಿ ಸಂಖ್ಯೆ ಒಂದು ಸಾಲಿಗೆ, ಚಿಹ್ನೆ ಮುಂದಿನ ಸಾಲಿಗೆ ಹೋಗಬಾರದು ಅಂತಿದ್ದರೆ ಒಡೆಯದ ಸ್ಪೇಸ್ ಬಳಸಿ. ಎಚ್‌ಟಿಎಮ್‌ಎಲ್‌ನಲ್ಲಿ ಅದು ` `.

ಇನ್ನು W ಮತ್ತು Wh. ಈ ಎರಡನ್ನು ಕಲಸಿದರೆ ಇಡೀ ಟೇಬಲ್ ಕೆಟ್ಟಹಾಗೆ. W ಅಂದರೆ ವ್ಯಾಟ್, ವಿದ್ಯುತ್ ಶಕ್ತಿ ಎಷ್ಟು ವೇಗವಾಗಿ ಹೊರಗೆ ಬರುತ್ತದೆ ಅನ್ನುವುದು. Wh ಅಂದರೆ ವ್ಯಾಟ್-ಅವರ್, ಒಟ್ಟು ಎಷ್ಟು ತುಂಬಿದೆ ಅನ್ನುವುದು. ಒಂದು ವೇಗ, ಇನ್ನೊಂದು ಪ್ರಮಾಣ.

ಹಂತ 3: mAh ಪಕ್ಕದಲ್ಲಿ Wh ಹಾಕಿ

ಈ ಹಂತವನ್ನು ನಿಧಾನವಾಗಿ ಓದಿ. ಗಿರಾಕಿಗಳ ಅರ್ಧ ದೂರು ಇಲ್ಲಿಂದಲೇ ಹುಟ್ಟುತ್ತದೆ.

ಬರೀ mAh ಹೇಳುವುದು ಎಷ್ಟು ಕೊಡ ನೀರು ಅಂತ ಹೇಳಿ ಕೊಡದ ಗಾತ್ರ ಹೇಳದೆ ಬಿಟ್ಟ ಹಾಗೆ. ಲೇಬಲ್‌ನ 20000 mAh ಅನ್ನುವುದು ಒಳಗಿನ ಸೆಲ್‌ನ ಅಳತೆ, 3.7 ವೋಲ್ಟಿನಲ್ಲಿ. ಆದರೆ ಯುಎಸ್‌ಬಿ ಪೋರ್ಟಿನಿಂದ ಹೊರಗೆ ಬರುವುದು 5 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ. ವೋಲ್ಟೇಜ್ ಏರಿಸಿದಾಗ mAh ಇಳಿಯಲೇಬೇಕು. ಏರಿಸುವ ಸರ್ಕ್ಯೂಟ್ ಸ್ವಲ್ಪ ಬಿಸಿಯಾಗಿ ಒಂದಿಷ್ಟು ನಷ್ಟವೂ ಆಗುತ್ತದೆ. ಲೆಕ್ಕ ಹೀಗೆ:

```
Wh = mAh × V ÷ 1000
20000 × 3.7 ÷ 1000 = 74 Wh
12000 × 5 ÷ 1000 = 60 Wh
60 ÷ 74 = 0.81
```

ಒಳಗೆ ಇರುವುದು 74 Wh, ಹೊರಗೆ ಸಿಗುವುದು 60 Wh, ಅಂದರೆ ಸುಮಾರು ನೂರಕ್ಕೆ 81 ಭಾಗ. ಇದರಲ್ಲಿ ಮೋಸ ಏನಿಲ್ಲ. ಲೇಬಲ್‌ನಲ್ಲಿ "Rated capacity" ಅಂತ ಇರುವುದೇ ಈ ಹೊರಗೆ ಸಿಗುವ ಅಳತೆ. ಅದನ್ನು ಟೇಬಲ್‌ನಲ್ಲಿ ಬಿಟ್ಟು 20000 ಮಾತ್ರ ಹಾಕಿದರೆ ಓದುಗರು "20000 ಭಾಗಿಸು 5000, ನನ್ನ ಫೋನ್ ನಾಲ್ಕು ಸಲ ಫುಲ್ ಆಗುತ್ತೆ" ಅಂತ ಲೆಕ್ಕ ಹಾಕುತ್ತಾರೆ.

ಸರಿಯಾದ ಲೆಕ್ಕ ನೋಡಿ. 5000 mAh ಫೋನ್ ಬ್ಯಾಟರಿಯ ವೋಲ್ಟೇಜ್ 3.87 ಅಂತ ಇಟ್ಟುಕೊಂಡರೆ ಅದರ ಪ್ರಮಾಣ 19.35 Wh. 60 ಅನ್ನು 19.35ರಿಂದ ಭಾಗಿಸಿದರೆ 3.1. ಫೋನ್ ಒಳಗೂ, ಕೇಬಲ್‌ನಲ್ಲೂ ಒಂದಷ್ಟು ನಷ್ಟ ಇರುತ್ತದೆ. ಅದಕ್ಕೆ ನೂರಕ್ಕೆ 10ರಿಂದ 15 ಕಳೆದರೆ 2.6ರಿಂದ 2.8 ಸಲ ಅನ್ನಬಹುದು. ನೀವು ಬರೆಯಬೇಕಾದ ಸಾಲು ಇದು: "5000 mAh ಬ್ಯಾಟರಿಯ ಫೋನನ್ನು ಸುಮಾರು ಎರಡೂವರೆ ಸಲ ತುಂಬಿಸಬಹುದು (ಅಂದಾಜು ಲೆಕ್ಕ)." ಲೆಕ್ಕ ಹಾಕಿದ್ದು ಯಾವುದು, ಲೇಬಲ್‌ನಿಂದ ತೆಗೆದುಕೊಂಡಿದ್ದು ಯಾವುದು ಅಂತ ಓದುಗರಿಗೆ ಗೊತ್ತಾಗಬೇಕು.

Wh ಬೇಕಾಗಲು ಇನ್ನೆರಡು ಕಾರಣಗಳಿವೆ. ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ, ಅವು 10000 mAh 7.4 V ಅಂತ ಬರೆದಿರುತ್ತವೆ. ನೋಡಲು ಅರ್ಧ ಅನ್ನಿಸುತ್ತದೆ, ಆದರೆ ಅದೂ 74 Wh. ಇನ್ನೊಂದು ವಿಮಾನ ಪ್ರಯಾಣ. ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 Wh ಮೀರದಿದ್ದರೆ ವಿಮಾನ ಸಂಸ್ಥೆಯ ಮುಂಗಡ ಒಪ್ಪಿಗೆ ಬೇಡ, 100ರಿಂದ 160 Wh ಇದ್ದರೆ ಬೇಕು. 3.7 ವೋಲ್ಟಿನ ಲೆಕ್ಕದಲ್ಲಿ 27000 mAh ಅಂದರೆ 99.9 Wh. 30000 mAh ಅಂದರೆ 111 Wh, ಗಡಿ ದಾಟಿತು.

ಹಂತ 4: ಮುಖ್ಯ ಟೇಬಲ್

ಮೂರು ಕಾಲಂ ಸಾಕು: ವಿವರ, ಅಳತೆ, ಷರತ್ತು. ಮೂರನೆಯ ಕಾಲಂ ಇಲ್ಲದೆ ಟೇಬಲ್ ಮಾಡಬೇಡಿ.

| ವಿವರ | ಅಳತೆ | ಷರತ್ತು |
|---|---|---|
| ಸೆಲ್ ಸಾಮರ್ಥ್ಯ | 20000 mAh (74 Wh) | 3.7 V ನಲ್ಲಿ, ಲೇಬಲ್ ಪ್ರಕಾರ |
| ಹೊರಗೆ ಸಿಗುವ ಸಾಮರ್ಥ್ಯ | 12000 mAh (60 Wh) | 5 V ನಲ್ಲಿ, ಲೇಬಲ್ ಪ್ರಕಾರ |
| ತುಂಬಲು ಬೇಕಾಗುವ ಸಮಯ | 5ರಿಂದ 6 ಗಂಟೆ | 18 W ಟೈಪ್-ಸಿ ಚಾರ್ಜರ್‌ನಿಂದ, ಅಂದಾಜು |
| ತೂಕ | 430 g | ಕೇಬಲ್ ಬಿಟ್ಟು, ನಾವೇ ತೂಗಿದ್ದು |
| ಅಳತೆ | 150 × 70 × 28 mm | ಉದ್ದ × ಅಗಲ × ದಪ್ಪ |
| ಬಳಸಬಹುದಾದ ತಾಪಮಾನ | ತಯಾರಕರು ತಿಳಿಸಿಲ್ಲ | |
| ಬಿಐಎಸ್ ನೋಂದಣಿ | R- ಸಂಖ್ಯೆ | ಲೇಬಲ್‌ನಲ್ಲಿ ಇರುವಂತೆ |

ಸಮಯದ ಸಾಲು ಎಲ್ಲಿಂದ ಬಂತು ಅಂದರೆ, 74 Wh ಅನ್ನು 18 ವ್ಯಾಟಿನಿಂದ ಭಾಗಿಸಿದರೆ 4.1 ಗಂಟೆ. ನಷ್ಟ ಇರುತ್ತದೆ, ಕೊನೆಯ ಭಾಗದಲ್ಲಿ ಬ್ಯಾಟರಿ ನಿಧಾನವಾಗಿ ತುಂಬುತ್ತದೆ, ಹಾಗಾಗಿ 5ರಿಂದ 6. ಮನೆಯಲ್ಲಿರುವ ಹಳೆಯ 5 V, 2 A ಚಾರ್ಜರ್ ಹಾಕಿದರೆ ಅದು 10 ವ್ಯಾಟ್ ಮಾತ್ರ, ಲೆಕ್ಕದ ಮೇಲೆಯೇ ಏಳೂವರೆ ಗಂಟೆ ಹತ್ತಿರ, ವಾಸ್ತವದಲ್ಲಿ ಇನ್ನೂ ಜಾಸ್ತಿ. ಯಾವ ಚಾರ್ಜರ್ ಅಂತ ಹೇಳದೆ ಬರೀ ಗಂಟೆ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಗೊತ್ತಿಲ್ಲದ ಸಾಲನ್ನು ಖಾಲಿ ಬಿಡಬೇಡಿ, ಗೆರೆ ಎಳೆಯಲೂ ಬೇಡಿ. ಗೆರೆ ಅಂದರೆ "ಈ ಸೌಲಭ್ಯ ಇಲ್ಲ" ಅಂತಲೋ "ಮಾಹಿತಿ ಇಲ್ಲ" ಅಂತಲೋ ಓದುಗರಿಗೆ ತಿಳಿಯುವುದಿಲ್ಲ. "ಇಲ್ಲ" ಅಥವಾ "ತಯಾರಕರು ತಿಳಿಸಿಲ್ಲ" ಅಂತ ಬಿಡಿಸಿ ಬರೆಯಿರಿ.

ಬಿಐಎಸ್ ಸಾಲಿನ ಬಗ್ಗೆ ಒಂದು ಮಾತು. ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. R- ಇಂದ ಶುರುವಾಗುವ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿ, ಯಾವ ವಸ್ತುವಿಗೆ ಇದೆ ಅಂತ ತೋರಿಸುತ್ತದೆ. ಟೇಬಲ್‌ಗೆ ಹಾಕುವ ಮೊದಲು ನೀವೇ ಒಮ್ಮೆ ನೋಡಿ. ಸಂಖ್ಯೆ ಚಾರ್ಜರ್‌ನದ್ದಾಗಿದ್ದು, ಲೇಬಲ್ ಪವರ್ ಬ್ಯಾಂಕಿನದ್ದಾಗಿದ್ದರೆ ಆ ವಸ್ತುವನ್ನು ಪಟ್ಟಿಗೆ ಸೇರಿಸಲೇಬೇಡಿ.

ಹಂತ 5: ಪೋರ್ಟ್‌ಗಳಿಗೆ ಬೇರೆ ಟೇಬಲ್

ಇದನ್ನು ಮುಖ್ಯ ಟೇಬಲ್‌ಗೆ ತುರುಕಬೇಡಿ. ಒಂದು ವೋಲ್ಟೇಜಿಗೆ ಒಂದು ಸಾಲು.

| ಪೋರ್ಟ್ | ದಿಕ್ಕು | ವೋಲ್ಟೇಜ್ | ಗರಿಷ್ಠ ಕರೆಂಟ್ | ಗರಿಷ್ಠ ಪವರ್ |
|---|---|---|---|---|
| ಟೈಪ್-ಸಿ | ಒಳಗೆ | 5 V | 3 A | 15 W |
| ಟೈಪ್-ಸಿ | ಒಳಗೆ | 9 V | 2 A | 18 W |
| ಟೈಪ್-ಸಿ | ಹೊರಗೆ | 5 V | 3 A | 15 W |
| ಟೈಪ್-ಸಿ | ಹೊರಗೆ | 9 V | 2.22 A | 20 W |
| ಟೈಪ್-ಸಿ | ಹೊರಗೆ | 12 V | 1.67 A | 20 W |
| ಟೈಪ್-ಎ | ಹೊರಗೆ | 5 V | 3 A | 15 W |
| ಟೈಪ್-ಎ | ಹೊರಗೆ | 9 V | 2 A | 18 W |
| ಟೈಪ್-ಎ | ಹೊರಗೆ | 12 V | 1.5 A | 18 W |
| ಎರಡೂ ಒಟ್ಟಿಗೆ | ಹೊರಗೆ | 5 V | ಒಟ್ಟು 3 A | ಒಟ್ಟು 15 W |

ಕೊನೆಯ ಸಾಲೇ ಇದರ ಜೀವಾಳ. ಒಂದು ಫೋನ್ ಹಾಕಿದಾಗ 20 ವ್ಯಾಟ್ ಬರುತ್ತದೆ. ಇನ್ನೊಂದು ಪೋರ್ಟಿಗೆ ಇಯರ್‌ಬಡ್ಸ್ ಸಿಕ್ಕಿಸಿದ ತಕ್ಷಣ ಎರಡಕ್ಕೂ ಸೇರಿ 15 ವ್ಯಾಟಿಗೆ ಇಳಿಯುತ್ತದೆ, ಫಾಸ್ಟ್ ಚಾರ್ಜಿಂಗ್ ನಿಂತುಹೋಗುತ್ತದೆ. ಗಿರಾಕಿ ಅದನ್ನು "ಪೀಸ್ ಕೆಟ್ಟಿದೆ" ಅಂತ ವಾಪಸ್ ತರುತ್ತಾರೆ. ಎಷ್ಟೋ ಪಟ್ಟಿಗಳಲ್ಲಿ ಈ ಸಾಲು ಇರುವುದಿಲ್ಲ. ಕೆಲವರು 20ಕ್ಕೆ 18 ಕೂಡಿಸಿ "ಒಟ್ಟು 38 ವ್ಯಾಟ್" ಅಂತ ಬರೆದುಬಿಡುತ್ತಾರೆ, ಅದು ಪೂರ್ತಿ ತಪ್ಪು.

9 ಗುಣಿಸು 2.22 ಮಾಡಿದರೆ 19.98 ಬರುತ್ತದೆ. ಅದನ್ನು 20 ಅಂತ ಬರೆಯಬಹುದು. ಆದರೆ 18 ಅನ್ನು 20 ಮಾಡಬಾರದು.

ಹಂತ 6: ಹೊಂದಾಣಿಕೆ ಟಿಪ್ಪಣಿ

"ಎಲ್ಲಾ ಫೋನ್‌ಗಳಿಗೂ ಹೊಂದುತ್ತದೆ" ಅನ್ನೋ ಸಾಲನ್ನು ಅಳಿಸಿಬಿಡಿ. ಅದರ ಬದಲು ಮೂರು ಗುಂಪು ಮಾಡಿ: ಪೂರ್ತಿ ವೇಗದಲ್ಲಿ ಆಗುತ್ತದೆ, ನಿಧಾನವಾಗಿ ಆಗುತ್ತದೆ, ಆಗುವುದಿಲ್ಲ.

ಮೊದಲು ಎರಡು ಪದ ಬಿಡಿಸಿ ಹೇಳಬೇಕು. ಪಿಡಿ, ಅಂದರೆ ಪವರ್ ಡೆಲಿವರಿ: ಫೋನ್ ಮತ್ತು ಚಾರ್ಜರ್ ಟೈಪ್-ಸಿ ಕೇಬಲ್ ಮೂಲಕ ಮಾತಾಡಿಕೊಂಡು ಯಾವ ವೋಲ್ಟೇಜ್ ಅಂತ ಒಪ್ಪಿಕೊಳ್ಳುವ ಪದ್ಧತಿ. ಪಿಪಿಎಸ್: ಅದರದ್ದೇ ಮುಂದುವರಿದ ರೂಪ, ಇಲ್ಲಿ ವೋಲ್ಟೇಜನ್ನು ಚಾರ್ಜ್ ಆಗುತ್ತಿರುವಾಗಲೇ ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಿಳಿಸಬಹುದು. ಲೇಬಲ್‌ನಲ್ಲಿ ಪಿಪಿಎಸ್ ಇದ್ದರೆ "3.3–11V⎓3A" ಥರದ ವ್ಯಾಪ್ತಿ ಕಾಣುತ್ತದೆ. ನಮ್ಮ ಲೇಬಲ್‌ನಲ್ಲಿ ಅದು ಇಲ್ಲ. ಹಾಗಾಗಿ ಟಿಪ್ಪಣಿ ಹೀಗೆ ಬರುತ್ತದೆ:

- ಐಫೋನ್ 8 ಮತ್ತು ನಂತರದವು: ಟೈಪ್-ಸಿ ಪೋರ್ಟಿನಿಂದ ಫಾಸ್ಟ್ ಚಾರ್ಜ್ ಆಗುತ್ತವೆ. ಐಫೋನ್ 14ರವರೆಗೆ ಸಿ-ಇಂದ-ಲೈಟ್ನಿಂಗ್ ಕೇಬಲ್ ಬೇಕು, 15ರಿಂದ ಸಿ-ಇಂದ-ಸಿ ಕೇಬಲ್.
- ಸ್ಯಾಮ್‌ಸಂಗ್‌ನ 25 ವ್ಯಾಟ್ ಫೋನ್‌ಗಳು: ಚಾರ್ಜ್ ಆಗುತ್ತವೆ, ಆದರೆ 25 ವ್ಯಾಟ್ ಸಿಗಲು ಪಿಪಿಎಸ್ ಬೇಕು. ಇದರಲ್ಲಿ ಇಲ್ಲ, ವೇಗ ಕಡಿಮೆ.
- ತಮ್ಮದೇ ಚಾರ್ಜಿಂಗ್ ಪದ್ಧತಿ ಇರುವ ಫೋನ್‌ಗಳು (ಸೂಪರ್‌ವೂಕ್ ಮುಂತಾದವು): ಚಾರ್ಜ್ ಆಗುತ್ತವೆ. ಪೆಟ್ಟಿಗೆಯ ಮೇಲೆ ಬರೆದ 67, 80 ವ್ಯಾಟ್ ವೇಗ ಇದರಿಂದ ಬರುವುದಿಲ್ಲ.
- 65 ವ್ಯಾಟ್ ಲ್ಯಾಪ್‌ಟಾಪ್: ಇದಕ್ಕೆ ಬೇಡ. ಅದರ ಅಡಾಪ್ಟರ್ ಸಾಮಾನ್ಯವಾಗಿ 20 V ಕೊಡುತ್ತದೆ, ನಮ್ಮ ಟೇಬಲ್‌ನಲ್ಲಿ 20 V ಸಾಲೇ ಇಲ್ಲ.
- ಇಯರ್‌ಬಡ್ಸ್, ಸ್ಮಾರ್ಟ್ ವಾಚ್: ತೀರಾ ಕಡಿಮೆ ಕರೆಂಟ್ ಎಳೆಯುವ ಸಾಧನ ಇದ್ದರೆ ಪವರ್ ಬ್ಯಾಂಕ್ "ಏನೂ ಸಿಕ್ಕಿಸಿಲ್ಲ" ಅಂದುಕೊಂಡು ತಾನೇ ಆಫ್ ಆಗಬಹುದು. ಲೋ ಕರೆಂಟ್ ಮೋಡ್ ಇದ್ದರೆ ಅದನ್ನು ಆನ್ ಮಾಡುವುದು ಹೇಗೆ ಅಂತ ಇಲ್ಲೇ ಬರೆಯಿರಿ.

ಇನ್ನು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಕರೆಂಟ್ ಹೋದಾಗ ವೈಫೈ ರೂಟರ್ ನಡೆಸಬಹುದಾ? ಇದಕ್ಕೆ ಒಂದು ಪ್ಯಾರಾ ಕೊಡಿ. ರೂಟರ್ ಅಡಾಪ್ಟರ್ ಮೇಲೆ ನೋಡಿದರೆ ಸಾಮಾನ್ಯವಾಗಿ 12 V, 1 A ಅಂತ ಇರುತ್ತದೆ. ನಮ್ಮ ಪವರ್ ಬ್ಯಾಂಕಿನ ಟೈಪ್-ಸಿಯಲ್ಲಿ 12 V, 1.67 A ಇದೆ, ಹಾಗಾಗಿ ಪಿಡಿ ಮೂಲಕ 12 ವೋಲ್ಟ್ ಕೇಳುವ ಕೇಬಲ್ ಹಾಕಿದರೆ ನಡೆಯುತ್ತದೆ. ಅಂಥ ಕೇಬಲ್‌ಗೆ ಟ್ರಿಗರ್ ಕೇಬಲ್ ಅನ್ನುತ್ತಾರೆ. ರೂಟರ್ 8 ವ್ಯಾಟ್ ಎಳೆದರೆ 60 ಭಾಗಿಸು 8, ಅಂದಾಜು 7 ಗಂಟೆ. ಆದರೆ ಪಿಡಿ ಇರುವ ಎಲ್ಲಾ ಪವರ್ ಬ್ಯಾಂಕ್‌ಗಳೂ 12 V ಕೊಡುವುದಿಲ್ಲ. ಎಷ್ಟೋ ಮಾದರಿಗಳಲ್ಲಿ 5, 9, 15, 20 ಇರುತ್ತದೆ, 12 ಇರುವುದಿಲ್ಲ. ಲೇಬಲ್‌ನಲ್ಲಿ 12 V ಕಣ್ಣಾರೆ ಕಂಡರೆ ಮಾತ್ರ ಬರೆಯಿರಿ. ರೂಟರ್‌ನ ಪಿನ್ ಗಾತ್ರ, ನಡುವಿನ ಪಿನ್ ಪ್ಲಸ್ಸಾ ಅಂತಲೂ ನೋಡಿಕೊಳ್ಳಲು ಹೇಳಿ. ಇನ್ನೊಂದು ಎಚ್ಚರಿಕೆ: ಪವರ್ ಬ್ಯಾಂಕನ್ನು ಚಾರ್ಜಿಗೆ ಹಾಕಿಯೇ ರೂಟರ್ ನಡೆಸಬಹುದು ಅಂತ ಸುಮ್ನೆ ಬರೆಯಬೇಡಿ. ಈ ಮಾದರಿಯಲ್ಲಿ ಒಳಗೆ-ಹೊರಗೆ ಎರಡಕ್ಕೂ ಒಂದೇ ಟೈಪ್-ಸಿ ಪೋರ್ಟ್ ಇದೆ, ಅದರಲ್ಲಿ ಒಂದೇ ಸಲ ಎರಡೂ ಆಗುವುದಿಲ್ಲ. ಬೇರೆ ಬೇರೆ ಪೋರ್ಟ್ ಇರುವ ಮಾದರಿಗಳಲ್ಲೂ ಕರೆಂಟ್ ಬಂದಾಗ, ಹೋದಾಗ ಹೊರಗಿನ ಸಪ್ಲೈ ಒಂದು ಕ್ಷಣ ಕಡಿದು ರೂಟರ್ ರೀಸ್ಟಾರ್ಟ್ ಆಗಬಹುದು. ನೀವೇ ಮಾಡಿ ನೋಡಿದ್ದರೆ ಮಾತ್ರ ಆ ಸಾಲು ಸೇರಿಸಿ.

ಕೇಬಲ್ ಕೂಡ ಹೊಂದಾಣಿಕೆಯ ಭಾಗವೇ. ನಮ್ಮ 20 ವ್ಯಾಟಿಗೆ ಸಾಮಾನ್ಯ ಸಿ-ಇಂದ-ಸಿ ಕೇಬಲ್ ಸಾಕು. ಅದು 3 ಆಂಪಿಯರ್‌ವರೆಗೆ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್‌ವರೆಗೆ ತಡೆದುಕೊಳ್ಳುತ್ತದೆ. ನಾಳೆ ನೀವು 100 ವ್ಯಾಟಿನ ಪವರ್ ಬ್ಯಾಂಕ್ ಬಗ್ಗೆ ಬರೆದರೆ "ಇ-ಮಾರ್ಕರ್ ಇರುವ 5 A ಕೇಬಲ್ ಬೇಕು" ಅನ್ನುವ ಸಾಲು ಸೇರಲೇಬೇಕು. ಇ-ಮಾರ್ಕರ್ ಅಂದರೆ ತಾನು ಎಷ್ಟು ಕರೆಂಟ್ ತಡೆದುಕೊಳ್ಳಬಲ್ಲೆ ಅಂತ ಚಾರ್ಜರ್‌ಗೆ ತಿಳಿಸುವ, ಕೇಬಲ್ ಒಳಗಿನ ಚಿಪ್. ಅದಿಲ್ಲದಿದ್ದರೆ ಕೇಬಲ್ ಎಷ್ಟೇ ದಪ್ಪ ಇದ್ದರೂ ಚಾರ್ಜರ್ 3 ಆಂಪಿಯರ್ ಮೇಲೆ ಕೊಡುವುದಿಲ್ಲ.

ಹಂತ 7: ಹಾಕುವ ಮೊದಲು ಫೋನಿನಲ್ಲಿ ನೋಡಿ

ಟೇಬಲ್ ಅನ್ನು ಚಿತ್ರವಾಗಿ ಮಾಡಿ ಹಾಕಬೇಡಿ. ಚಿತ್ರದೊಳಗಿನ ಸಂಖ್ಯೆ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಐದು ಕಾಲಂನ ಪೋರ್ಟ್ ಟೇಬಲ್ ಸಣ್ಣ ಪರದೆಯಲ್ಲಿ ಮುರಿದುಹೋದರೆ ಕಾಲಂ ಕಿತ್ತುಹಾಕುವ ಬದಲು ಒಳಗೆ, ಹೊರಗೆ ಅಂತ ಎರಡು ಟೇಬಲ್ ಮಾಡಿ, ಆಗ ದಿಕ್ಕಿನ ಕಾಲಂ ಬೇಕಾಗುವುದೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಟೇಬಲ್ ಬೇಡ, "ಟೈಪ್-ಸಿ ಹೊರಗೆ: 9 V, 2.22 A" ಅಂತ ಒಂದೊಂದು ಸಾಲಾಗಿ ಬರೆಯಿರಿ.

ಅಂಕಿಗಳಲ್ಲಿ ಒಂದೇ ಪದ್ಧತಿ ಇರಲಿ. ಒಂದು ಕಡೆ ೨೦೦೦೦, ಇನ್ನೊಂದು ಕಡೆ 20000 ಅಂತ ಬೆರೆಸಬೇಡಿ. 20,000 ಅಂತ ಅಲ್ಪವಿರಾಮ ಹಾಕುವುದಾದರೆ ಎಲ್ಲಾ ಕಡೆ ಹಾಕಿ.

ಕೊನೆಗೆ ಟೇಬಲ್ ಕೆಳಗೆ ಮಾಡೆಲ್ ಸಂಖ್ಯೆ ಮತ್ತು ಟೇಬಲ್ ಬರೆದ ತಿಂಗಳು, ವರ್ಷ ಹಾಕಿ. ಅದರ ಪಕ್ಕದಲ್ಲೇ ಲೇಬಲ್‌ನ ಫೋಟೊ ಇಡಿ, ಸೀರಿಯಲ್ ನಂಬರ್ ಕಾಣುತ್ತಿದ್ದರೆ ಮುಚ್ಚಿ. ಹೊಸ ಸ್ಟಾಕ್ ಬಂದಾಗ ಒಂದು ಪೀಸ್ ತೆಗೆದು ಅದರ ಲೇಬಲ್ ಅನ್ನು ಈ ಫೋಟೊ ಜೊತೆ ಹೋಲಿಸಿ. ಒಂದು ಸಾಲು ಬದಲಾಗಿದ್ದರೂ ಪೋರ್ಟ್ ಟೇಬಲ್ ಮತ್ತು ಹೊಂದಾಣಿಕೆ ಟಿಪ್ಪಣಿ ಎರಡನ್ನೂ ಮತ್ತೆ ಬರೆಯಬೇಕು.